ಹಪ್ಪಳದ ಆರ್ಡರ್ ಮೆಸೇಜು: ಮೂರನೇ ಸಲ ತಿದ್ದಿದ್ದು

ಏಪ್ರಿಲ್ 6

ಅತ್ತೆ ಮಾಡುವ ಹಲಸಿನ ಹಪ್ಪಳಕ್ಕೆ ವಾಟ್ಸಾಪ್‌ನಲ್ಲಿ ಆರ್ಡರ್ ತಗೊಂಡು ಅಂಚೆಯಲ್ಲಿ ಕಳಿಸಲು ಶುರುಮಾಡಿ ಇದು ಎರಡನೇ ಹಂಗಾಮು. ಹಪ್ಪಳದ ಮೇಲೆ ದೂರಿಲ್ಲ, ಕಾಟವೆಲ್ಲ ಫೋನಿನದು. ಹೋದ ವರ್ಷ ದುಡ್ಡು ಹಾಕಿದವರಿಗೆಲ್ಲ ಹೋಗುತ್ತಿದ್ದ ಮೆಸೇಜು ಇದು:

"ನಮಸ್ಕಾರ 🙏 ನಮ್ಮ ಮನೆಯ ರುಚಿಯನ್ನು ಆರಿಸಿಕೊಂಡ ನಿಮಗೆ ಹೃತ್ಪೂರ್ವಕ ಧನ್ಯವಾದಗಳು. ಶೀಘ್ರದಲ್ಲೇ ಕಳಿಸುತ್ತೇವೆ. 3-4 ದಿನದಲ್ಲಿ ತಲುಪುತ್ತದೆ."

ಇವತ್ತು ಹಳೇ ಚಾಟುಗಳನ್ನೆಲ್ಲ ಕೂತು ಓದಿದೆ. ಇದರ ನಂತರ ಬಂದ ಪ್ರಶ್ನೆಗಳು ಹೆಚ್ಚುಕಮ್ಮಿ ಎರಡೇ. ಮೊದಲನೆಯದು "ಅಕ್ಕಾ, ದುಡ್ಡು ಬಂತಾ?" ಎರಡನೆಯದು "ನಾಲ್ಕು ದಿನ ಆಯ್ತಲ್ಲಾ?"

ಮೊದಲನೆಯದಕ್ಕೆ ಕಾರಣ ನನ್ನ ಮರ್ಯಾದೆಯೇ. ಫೋನಿನ ಮೇಲ್ಗಡೆ ಇಣುಕುವ ನೋಟಿಫಿಕೇಶನ್‌ನಲ್ಲಿ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಅಷ್ಟೂ ಜಾಗವನ್ನು ಕೈಮುಗಿಯುವುದಕ್ಕೇ ಬಳಸಿದ್ದೆ. ಗುರುತಿಲ್ಲದ ನಂಬರಿಗೆ ದುಡ್ಡು ಹಾಕಿದವರಿಗೆ ಮೊದಲು ಬೇಕಾದ್ದು ಅದು ಮುಟ್ಟಿತು ಅನ್ನುವ ಮಾತು.

ಏಪ್ರಿಲ್ 9

ಎರಡನೆಯ ಪ್ರಶ್ನೆಗೆ ಅಂಚೆಯವರನ್ನು ದೂರಿ ಪ್ರಯೋಜನವಿಲ್ಲ. ನಾಲ್ಕು ದಿನ ಅಂದಾಗ ನನ್ನ ಲೆಕ್ಕ ಅಂಚೆ ಕಚೇರಿಯಲ್ಲಿ ಬುಕ್ ಮಾಡಿದ ದಿನದಿಂದ. ತಗೊಂಡವರ ಲೆಕ್ಕ ದುಡ್ಡು ಹಾಕಿದ ಗಳಿಗೆಯಿಂದ. ನಡುವೆ ಹಪ್ಪಳ ಒಣಗಬೇಕು. ಗಟ್ಟಿ ಬಿಸಿಲಿದ್ದರೂ ಎರಡು ಮೂರು ದಿನ ಚಾಪೆ ಮೇಲಿರಬೇಕು. ಅರೆ ಒಣಗಿದ್ದನ್ನು ಕಟ್ಟಿ ಕಳಿಸಿದರೆ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ.

ಹಾಗಾಗಿ ಎರಡು ಬದಲಾವಣೆ. ದಿನ ಎಣಿಸುವ ಕೆಲಸ ಓದುವವರಿಗೆ ಬಿಡದೆ ತಾರೀಖನ್ನೇ ಬರೆಯುವುದು. ಆಮೇಲೆ ಕಳಿಸುವ ದಿನ ಬೇರೆ, ತಲುಪುವ ದಿನ ಬೇರೆ ಅಂತ ಹೇಳುವುದು. ಕಳಿಸುವುದು ನನ್ನ ಕೈಯಲ್ಲಿದೆ, ತಲುಪುವುದು ಇಲ್ಲ. "ಶೀಘ್ರದಲ್ಲೇ" ಅನ್ನುವ ಪದವನ್ನು ಅಳಿಸಿಹಾಕಿದೆ.

ಏಪ್ರಿಲ್ 15

ಇವತ್ತು ರಾತ್ರಿ ಪುಣೆಯಿಂದ ಎರಡು ಕಟ್ಟಿನ ಆರ್ಡರ್ ಬಂತು. ಹೊಸ ಮೆಸೇಜಿಗೆ ಮೊದಲ ಪರೀಕ್ಷೆ. ಚಾಪೆ ಮೇಲಿರುವುದಕ್ಕೆ ಇನ್ನೆರಡು ಬಿಸಿಲು ಬೇಕು, ಅಂದರೆ ಗುರುವಾರ. 18ಕ್ಕೆ ಗುಡ್ ಫ್ರೈಡೆ, ಅಂಚೆಗೆ ರಜೆ. ಹಾಗಾದರೆ ಬುಕಿಂಗ್ 19ರ ಶನಿವಾರ, ಮರುದಿನ ಭಾನುವಾರ. ಹೋದ ವರ್ಷ ಪುಣೆಗೆ ಹೋದ ಪಾರ್ಸೆಲ್‌ಗಳ ರಸೀದಿ ತೆಗೆದು ನೋಡಿದೆ. ಬೇಗ ಮುಟ್ಟಿದ್ದನ್ನು ಬಿಟ್ಟು, ತೀರಾ ತಡವಾಗಿ ಮುಟ್ಟಿದ್ದನ್ನು ಹಿಡಿದು ಲೆಕ್ಕ ಹಾಕಿದರೆ 26 ಬರುತ್ತದೆ.

> ₹450 ಬಂದಿದೆ. ಹಲಸಿನ ಹಪ್ಪಳ, 50ರ ಎರಡು ಕಟ್ಟು, ನಿಮ್ಮ ಹೆಸರಿಗೆ ಬರೆದುಕೊಂಡಿದ್ದೇನೆ.
>
> ಹಪ್ಪಳ ಇನ್ನೂ ಒಣಗುತ್ತಿದೆ. ಏ. 19, ಶನಿವಾರ ಸ್ಪೀಡ್ ಪೋಸ್ಟ್ ಮಾಡಿ ನಂಬರ್ ಕಳಿಸುತ್ತೇನೆ. ಏ. 26ರೊಳಗೆ ನಿಮಗೆ ತಲುಪಬೇಕು. ಮೋಡವಾಗಿ ಶನಿವಾರ ಆಗದಿದ್ದರೆ ಶುಕ್ರವಾರ ಸಂಜೆಯೇ ತಿಳಿಸುತ್ತೇನೆ.
>
> ಕೆಳಗಿನ ವಿಳಾಸ, ಪಿನ್‌ಕೋಡ್ ಒಮ್ಮೆ ನೋಡಿ. ತಪ್ಪಿದ್ದರೆ ಶುಕ್ರವಾರದೊಳಗೆ ಹೇಳಿ.
>
> ದಾರಿಯಲ್ಲಿ ನಾಲ್ಕೈದು ಹಪ್ಪಳ ಒಡೆಯಬಹುದು. ಹತ್ತಕ್ಕಿಂತ ಹೆಚ್ಚು ಒಡೆದಿದ್ದರೆ ಫೋಟೋ ಕಳಿಸಿ, ಅಷ್ಟರ ದುಡ್ಡು ವಾಪಸ್ ಹಾಕುತ್ತೇನೆ.
>
> ಈ ಹಂಗಾಮಿನ ಮೊದಲ ಹಪ್ಪಳ ತರಿಸಿಕೊಳ್ಳುವವರಲ್ಲಿ ನೀವೂ ಒಬ್ಬರು. ಅತ್ತೆಗೆ ಹೇಳಿದೆ, ಖುಷಿಪಟ್ಟರು. ಧನ್ಯವಾದ.

ಒಡೆಯುವ ಮಾತು ಬೇಡ, ಅಪಶಕುನ ನುಡಿದ ಹಾಗಾಗುತ್ತದೆ ಅಂತ ಅತ್ತೆಯ ತಕರಾರು. ನಾನು ಬಿಡಲಿಲ್ಲ. ಮೊದಲೇ ಹೇಳಿದ್ದರೆ ಐದು ಚೂರು ಕಂಡವರು ಸುಮ್ಮನೆ ಕರಿದು ತಿನ್ನುತ್ತಾರೆ, ಹೇಳದಿದ್ದರೆ ಮೋಸ ಅಂದುಕೊಳ್ಳುತ್ತಾರೆ.

ಐದೇ ನಿಮಿಷಕ್ಕೆ ಉತ್ತರ: ಪಿನ್‌ಕೋಡ್‌ನ ಕೊನೆಯ ಅಂಕಿ ಅವರೇ ತಪ್ಪು ಕೊಟ್ಟಿದ್ದರು.

ಏಪ್ರಿಲ್ 18

ನಿನ್ನೆ ಮಧ್ಯಾಹ್ನ ಮೋಡ, ಸಂಜೆ ನಾಲ್ಕು ಹನಿ. ಹಪ್ಪಳ ಬಗ್ಗುತ್ತದೆಯೇ ಹೊರತು ಲಟಕ್ಕನೆ ಮುರಿಯುತ್ತಿಲ್ಲ, ಅಂದರೆ ಒಳಗಿನ್ನೂ ಹಸಿ. ಸಂಜೆ ಬರೆದೆ: "ಬಿಸಿಲು ಕೈಕೊಟ್ಟಿತು. ಸೋಮವಾರ 21ಕ್ಕೆ ಕಳಿಸುತ್ತೇನೆ, 28ರೊಳಗೆ ತಲುಪಬೇಕು. ಬೇಡವೆಂದರೆ ದುಡ್ಡು ಇವತ್ತೇ ವಾಪಸ್." ಹಳೇ 26ನ್ನೇ ಉಳಿಸಿಕೊಳ್ಳುವ ಆಸೆ ಇತ್ತು. ಆದರೆ ಕಳಿಸುವ ದಿನ ಎರಡು ದಿನ ಜಾರಿದಾಗ ತಲುಪುವ ದಿನವೂ ಜಾರಲೇಬೇಕು.

ಅವರ ಉತ್ತರ: "ಸರಿ ಅಕ್ಕ, ಒಣಗಲಿ."

ಏಪ್ರಿಲ್ 26

ಪುಣೆಗೆ ಇವತ್ತು ಮುಟ್ಟಿದೆ, ಮೂರು ಒಡೆದಿವೆಯಂತೆ. ನಡುವೆ ಒಂದು ಫೋನ್ ಬಂದಿತ್ತು. ಟ್ರ್ಯಾಕಿಂಗ್ ನಂಬರ್ ಹಾಕಿದರೆ ಎರಡು ದಿನದಿಂದ ಒಂದೇ ಊರು ತೋರಿಸುತ್ತಿದೆ ಅಂತ. ಮುಂದಿನ ಕಡೆ ಸ್ಕ್ಯಾನ್ ಆಗುವ ತನಕ ಅದು ಹಾಗೇ. ಇನ್ನು ಮುಂದೆ ಟ್ರ್ಯಾಕಿಂಗ್ ನಂಬರಿನ ಜೊತೆ ಆ ಒಂದು ಸಾಲೂ ಹೋಗುತ್ತದೆ.

ಏಪ್ರಿಲ್ 29

ಎಡವಟ್ಟು. ಮೆಸೇಜನ್ನು ವಾಟ್ಸಾಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈ ಆಗಿ ಉಳಿಸಿದ್ದೆ. `/happala` ಅಂತ ಒತ್ತಿದರೆ ಪೂರ್ತಿ ಬರುತ್ತದೆ. ತಾರೀಖನ್ನು ಅದು ತುಂಬುವುದಿಲ್ಲ, ನಾನೇ ತುಂಬಬೇಕು. ಗಡಿಬಿಡಿಯಲ್ಲಿ ಧಾರವಾಡದವರೊಬ್ಬರಿಗೆ "ಏ. 00ರೊಳಗೆ ತಲುಪಬೇಕು" ಅಂತ ಹೋಯಿತು. ಯಾವ ಪಂಚಾಂಗ ಅಂತ ಕೇಳಿದರು. ಈಗ ಖಾಲಿ ಜಾಗದಲ್ಲೆಲ್ಲ ❌❌❌ ಇಟ್ಟಿದ್ದೇನೆ, ಕಣ್ಣಿಗೆ ಹೊಡೆಯುವ ಹಾಗೆ.

ಮೇ ಕೊನೆಗೆ ಚಾಪೆ ಸುತ್ತಿಡುತ್ತೇವೆ. ಆಮೇಲೆ ಡಬ್ಬಿಯಲ್ಲಿರುವಷ್ಟೇ ಮಾರಾಟ, ಒಣಗಿಸುವ ಸಾಲು ಮೆಸೇಜಿನಿಂದ ಹೋಗುತ್ತದೆ. ಮಳೆಯಲ್ಲಿ ಅಂಚೆ ಎಷ್ಟು ತಡವಾಗುತ್ತದೆ ಅನ್ನುವುದಕ್ಕೆ ಹೋದ ಜುಲೈನ ರಸೀದಿಗಳನ್ನು ಹುಡುಕಬೇಕು. ಎಲ್ಲೋ ಅಕ್ಕಿ ಡಬ್ಬಿ ಹಿಂದಿವೆ.