ಅಶ್ವಗಂಧ, ಮುಸ್ಲಿ, ಶಿಲಾಜಿತ್: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

“ಅಶ್ವಗಂಧ, ಮುಸ್ಲಿ, ಶಿಲಾಜಿತ್ ಎಲ್ಲಾ ಗಿಡಮೂಲಿಕೆ ತಾನೇ ಸರ್? ಸುಮ್ನೆ ತಗೊಂಡ್ರೆ ತೊಂದರೆ ಏನೂ ಇಲ್ಲ ಅಲ್ವಾ?”

ಬೇರೆ ಕಾಯಿಲೆ ಇಲ್ಲದ, ಬೇರೆ ಮಾತ್ರೆ ನುಂಗದ ವಯಸ್ಕರು ಅಶ್ವಗಂಧದ ಬೇರನ್ನು ಎರಡು ಮೂರು ತಿಂಗಳು ತಗೊಂಡರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಕೆಲವರ ಲಿವರ್ ಕೆಡುತ್ತದೆ. ಥೈರಾಯ್ಡ್ ಮಾತ್ರೆ ತಗೊಳ್ಳುವವರ ಡೋಸಿನ ಲೆಕ್ಕವೂ ತಪ್ಪಬಹುದು. ಔಷಧಿ ಅಂಗಡಿಯಲ್ಲಿ ನಿಂತು ನಾನು ಮೊದಲು ಹೇಳುವುದು ಇವೆರಡನ್ನೇ.

ಮೂರರಲ್ಲಿ ಹೆಚ್ಚು ಪರೀಕ್ಷೆ ನಡೆದಿರುವುದು ಅಶ್ವಗಂಧದ ಮೇಲೆ. 2012ರಲ್ಲಿ ಪ್ರಕಟವಾದ ಹೈದರಾಬಾದಿನ ಅಧ್ಯಯನವೊಂದರಲ್ಲಿ ಒತ್ತಡದಿಂದ ಬಳಲುತ್ತಿದ್ದ 64 ಜನರಿದ್ದರು. ಅರ್ಧ ಜನರಿಗೆ ಬೇರಿನ ಸಾರ 300 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಉಳಿದವರಿಗೆ ಔಷಧಿಯಿಲ್ಲದ ಡಮ್ಮಿ ಮಾತ್ರೆ. 60 ದಿನಗಳ ನಂತರ ಬೇರು ತಗೊಂಡವರ ಒತ್ತಡ ಜಾಸ್ತಿ ಇಳಿದಿತ್ತು, ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಕೂಡ ಕಡಿಮೆಯಾಗಿತ್ತು. ನಿದ್ದೆಯ ವಿಷಯದಲ್ಲೂ ಇಂಥ ಸಣ್ಣ ಅಧ್ಯಯನಗಳಿವೆ. ಹೆಚ್ಚಿನವು ಎರಡು ಮೂರು ತಿಂಗಳಲ್ಲೇ ಮುಗಿದಿವೆ. ಹಾಗಾಗಿ ವರ್ಷಗಟ್ಟಲೆ ತಗೊಳ್ಳುವವರಿಗೆ ಇವುಗಳಿಂದ ಧೈರ್ಯ ಹೇಳಲು ಬರುವುದಿಲ್ಲ.

ಇನ್ನೊಂದು ಮಾತು. ಹಾಲಿಗೆ ಬೆರೆಸುವ ಚೂರ್ಣ ಬೇರೆ, ಕ್ಯಾಪ್ಸೂಲಿನಲ್ಲಿರುವ ಸಾರ ಬೇರೆ. ಸಾರದಲ್ಲಿ ಬೇರಿನ ಅಂಶಗಳನ್ನು ಗಟ್ಟಿಮಾಡಿ ತುಂಬಿರುತ್ತಾರೆ. ಕೆಲವು ಕಂಪನಿಗಳು ಅಗ್ಗಕ್ಕೆ ಸಿಗುವ ಎಲೆಯನ್ನೂ ಸೇರಿಸುತ್ತವೆ. ಎಲೆಯಲ್ಲಿ ವಿದಾಫೆರಿನ್-ಎ ಎಂಬ ತೀಕ್ಷ್ಣ ಅಂಶ ಜಾಸ್ತಿ. ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯ 2021ರಲ್ಲೇ ತಯಾರಕರಿಗೆ ಸೂಚಿಸಿದೆ. ಡಬ್ಬಿಯ ಮೇಲೆ ‘ಬೇರು’ ಎಂದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಕೊಳ್ಳಬೇಡಿ.

ಲಿವರ್ ತೊಂದರೆ ಅಪರೂಪ, ಆದರೆ ನಿಜ. 2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕದ ವೈದ್ಯರು ಐದು ರೋಗಿಗಳ ವಿವರ ಪ್ರಕಟಿಸಿದರು. ಅಶ್ವಗಂಧ ಶುರುಮಾಡಿದ 2ರಿಂದ 12 ವಾರಗಳಲ್ಲಿ ಅವರಿಗೆ ಕಾಮಾಲೆ ಬಂದಿತ್ತು. ತಡೆಯಲಾಗದ ಮೈ ತುರಿಕೆಯೂ ಇತ್ತು. ನಿಲ್ಲಿಸಿದ ಮೇಲೆ ನಾಲ್ವರು ಚೇತರಿಸಿಕೊಂಡರು, ಅದಕ್ಕೆ ಒಂದರಿಂದ ಐದು ತಿಂಗಳು ಹಿಡಿಯಿತು; ಐದನೆಯವರ ಮುಂದಿನ ವಿವರ ಸಿಗಲಿಲ್ಲ. 2023ರಲ್ಲಿ ಭಾರತದ ವೈದ್ಯರು ವರದಿ ಮಾಡಿದ ರೋಗಿಗಳಲ್ಲಿ, ಮೊದಲೇ ಲಿವರ್ ಕಾಯಿಲೆ ಇದ್ದ ಮೂವರು ತೀರಿಕೊಂಡರು. ಆದ್ದರಿಂದ ಫ್ಯಾಟಿ ಲಿವರ್ ಇದೆ ಎಂದು ಗೊತ್ತಿರುವವರು, ದಿನಾ ಕುಡಿಯುವವರು, ಹೆಪಟೈಟಿಸ್ ಬಂದವರು ಇದನ್ನು ಮುಟ್ಟದಿರುವುದೇ ಒಳ್ಳೆಯದು. ಉಳಿದವರು ಗಮನಿಸಬೇಕಾದದ್ದು ಇಷ್ಟು: ಕಾರಣವಿಲ್ಲದ ತುರಿಕೆ, ಗಾಢ ಹಳದಿ ಮೂತ್ರ, ಊಟ ಸೇರದಿರುವುದು. ಕಣ್ಣು ಹಳದಿಯಾಗುವವರೆಗೆ ಕಾಯಬೇಡಿ. ಅವತ್ತೇ ನಿಲ್ಲಿಸಿ, ಲಿವರ್ ಟೆಸ್ಟ್ ಮಾಡಿಸಿ.

ಥೈರಾಯ್ಡಿನ ಕಥೆ ಬೇರೆ ಥರ. ಒಬ್ಬರು ದಿನಾ 50 ಮೈಕ್ರೋಗ್ರಾಂ ಥೈರಾಕ್ಸಿನ್ ಎಂಬ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದಾರೆ ಎಂದುಕೊಳ್ಳಿ. ಸುಸ್ತು ಅಂತ ಅಶ್ವಗಂಧವನ್ನೂ ಶುರುಮಾಡುತ್ತಾರೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು ಎಂದು 2018ರ ಒಂದು ಸಣ್ಣ ಅಧ್ಯಯನ ತೋರಿಸಿದೆ. ಎರಡು ತಿಂಗಳಲ್ಲಿ ಎದೆ ಡವಡವ ಎನ್ನಬಹುದು, ಕೈ ನಡುಗಬಹುದು, ಥೈರಾಯ್ಡ್ ಟೆಸ್ಟಿನಲ್ಲಿ ನೋಡುವ ಟಿಎಸ್‌ಎಚ್ ಅಂಕಿ ಕೆಳಗಿಳಿಯಬಹುದು. ವೈದ್ಯರಿಗೆ ಅಶ್ವಗಂಧದ ವಿಷಯವೇ ಗೊತ್ತಿಲ್ಲ, ಡೋಸ್ ಜಾಸ್ತಿಯಾಯಿತೆಂದು ಥೈರಾಕ್ಸಿನ್ ಇಳಿಸುತ್ತಾರೆ. ಆಮೇಲೆ ಡಬ್ಬಿ ಖಾಲಿಯಾಗಿ ಅಶ್ವಗಂಧ ನಿಂತರೆ, ಇಳಿಸಿದ ಡೋಸ್ ಸಾಲದೆ ಸುಸ್ತು ಮತ್ತೆ ಬರುತ್ತದೆ. ಗರ್ಭಿಣಿಯರಂತೂ ಅಶ್ವಗಂಧ ತಗೊಳ್ಳಲೇಬಾರದು. ನಿದ್ದೆ ಮಾತ್ರೆ ತಗೊಳ್ಳುವವರು ಜೊತೆಗೆ ಸೇರಿಸಬಾರದು.

ಸಫೇದ್ ಮುಸ್ಲಿ ಬಗ್ಗೆ ಹೇಳುವುದು ಕಮ್ಮಿ. ಅದರ ಪರವಾಗಿ ತೋರಿಸುವ ಫಲಿತಾಂಶಗಳು ಬಹುತೇಕ ಇಲಿಗಳದ್ದು.

ಶಿಲಾಜಿತ್ ಗಿಡಮೂಲಿಕೆಯೇ ಅಲ್ಲ, ಹಿಮಾಲಯದಂಥ ಬೆಟ್ಟಗಳ ಬಂಡೆಯಿಂದ ಒಸರುವ ಅಂಟು. 2016ರ ಅಧ್ಯಯನವೊಂದರಲ್ಲಿ 45ರಿಂದ 55 ವರ್ಷದ ಗಂಡಸರು ಶುದ್ಧೀಕರಿಸಿದ ಶಿಲಾಜಿತ್ ಅನ್ನು 90 ದಿನ ತಗೊಂಡಾಗ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಏರಿತ್ತು. ‘ಶುದ್ಧೀಕರಿಸಿದ’ ಎಂಬುದು ಇಲ್ಲಿ ಬಹಳ ಮುಖ್ಯ. ಬಂಡೆಯಿಂದ ಬಂದದ್ದರಲ್ಲಿ ಸೀಸ, ಆರ್ಸೆನಿಕ್ ಇರಬಹುದು. ಅವನ್ನು ಬಣ್ಣದಿಂದ, ವಾಸನೆಯಿಂದ, ನೀರಲ್ಲಿ ಕರಗಿಸಿ ನೋಡಿ ಪತ್ತೆಮಾಡಲು ಆಗುವುದಿಲ್ಲ. ಆ ಬ್ಯಾಚಿನ ಲ್ಯಾಬ್ ರಿಪೋರ್ಟ್ ಕೊಡದವರಿಂದ ಕೊಳ್ಳಬೇಡಿ.

ನನಗೆ ಅತಿ ಹೆಚ್ಚು ಭಯ ಇರುವುದು ‘ಪುರುಷ ಶಕ್ತಿ’ಯ ಕ್ಯಾಪ್ಸೂಲುಗಳ ಬಗ್ಗೆ. ಮುಸ್ಲಿ, ಶಿಲಾಜಿತ್ ಹೆಸರಲ್ಲಿ ಮಾರುವ ಇಂಥ ಕೆಲವದರಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್, ಅಂದರೆ ವಯಾಗ್ರದ ಔಷಧಿ, ಬೆರೆಸಿರುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥವನ್ನು ಮತ್ತೆ ಮತ್ತೆ ಪತ್ತೆಹಚ್ಚಿದೆ. ಮೂಲಿಕೆ ಒಂದು ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ನುಂಗಿದ ಗಂಟೆಯೊಳಗೆ ಪರಿಣಾಮ ಕಂಡರೆ, ಮುಖ ಕೆಂಪಾಗಿ ತಲೆನೋವು ಬಂದರೆ, ಅನುಮಾನ ಪಡಿ. ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ಇಟ್ಟುಕೊಳ್ಳುವವರು ಇದನ್ನು ನುಂಗಿದರೆ ಬಿಪಿ ದಿಢೀರನೆ ಕುಸಿದು ಪ್ರಾಣಕ್ಕೇ ಕುತ್ತು. ಇಂಥ ಕ್ಯಾಪ್ಸೂಲ್ ನುಂಗಿದವರಿಗೆ ಎದೆನೋವು ಬಂದು ಆಸ್ಪತ್ರೆಗೆ ಹೋದರೆ, ನಾಚಿಕೆ ಬಿಟ್ಟು ಕ್ಯಾಪ್ಸೂಲಿನ ವಿಷಯ ಮೊದಲೇ ಹೇಳಬೇಕು, ಡಬ್ಬಿಯನ್ನೂ ತೋರಿಸಬೇಕು. ನೈಟ್ರೇಟ್ ಕೊಡಬಾರದು ಎಂದು ಅಲ್ಲಿನ ವೈದ್ಯರಿಗೆ ತಿಳಿಯುವುದು ಆಗಲೇ.