ಯಾವ ಶೆಟ್ಟರು?

ಸೆಪ್ಟೆಂಬರ್‌ನ ಒಂದು ಶನಿವಾರ ಸಂಜೆ, ಮುಂಬಯಿ ಉಪನಗರದ ನಮ್ಮ ಕನ್ನಡ ಸಂಘದ ಕಾರ್ಯಕಾರಿ ಸಮಿತಿ ಸುಮಾರು ಮೂರು ತಾಸು ಕುಳಿತಿತ್ತು. ಅರ್ಧ ಜನ ಕಚೇರಿಯ ಮೇಜಿನ ಸುತ್ತ, ಉಳಿದವರು ಮನೆಯಿಂದ ಆನ್‌ಲೈನ್. ರೆಕಾರ್ಡಿಂಗ್ ಆಗುತ್ತಿದೆ ಎಂದು ಅಧ್ಯಕ್ಷರು ಆರಂಭದಲ್ಲೇ ಹೇಳಿ ಎಲ್ಲರ ಒಪ್ಪಿಗೆ ಪಡೆದಿದ್ದರು. ಸಭೆ ಮುಗಿದು ನಾನು ಲೋಕಲ್ ಹಿಡಿಯುವಷ್ಟರಲ್ಲಿ ನಮ್ಮ ಯುವ ಸದಸ್ಯನೊಬ್ಬ, ರೆಕಾರ್ಡಿಂಗ್‌ನಿಂದ ತಂತ್ರಾಂಶ ಬರೆದುಕೊಟ್ಟ ಮಾತಿನ ಪೂರ್ತಿ ಪಠ್ಯವನ್ನು ಚಾಟ್‌ಬಾಟ್‌ಗೆ ಹಾಕಿ, "300 ಪದಗಳಲ್ಲಿ ಸಾರಾಂಶ ಕೊಡು" ಎಂದು ಕೇಳಿ, ಬಂದದ್ದನ್ನು ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟಿದ್ದ. ಕನ್ನಡ ಚೆನ್ನಾಗಿತ್ತು, ಅಚ್ಚುಕಟ್ಟಾಗಿತ್ತು. ಅಧ್ಯಕ್ಷರು ಹೆಬ್ಬೆರಳೆತ್ತಿದ ಚಿತ್ರವನ್ನೂ ಹಾಕಿದ್ದರು.

ನಾನು ಜತೆ ಕಾರ್ಯದರ್ಶಿ. ನಡವಳಿ ಪುಸ್ತಕ ನನ್ನ ತಲೆಯ ಮೇಲಿನ ಹೊರೆ. ಘಾಟ್ಕೋಪರ್ ದಾಟುವಾಗ ನಿಂತುಕೊಂಡೇ ಓದಿದೆ. ಸಾರಾಂಶದ ಅರ್ಧ ಭಾಗ ರಾಜ್ಯೋತ್ಸವದ ಊಟದ ಬಗ್ಗೆ: ಬಾಳೆಎಲೆಯೋ, ಬುಫೆಯೋ, ಯಾವ ಕೇಟರಿಂಗ್ ಎಂದು. ಸಭೆಯಲ್ಲಿ ಅತಿ ಹೆಚ್ಚು ಹೊತ್ತು ಅದೇ ಜಗಳ ನಡೆದಿತ್ತು, ನಿಜ. ಆದರೆ ಅದರ ನಡುವೆ ಖಜಾಂಚಿ ಶೆಟ್ಟರು ಒಂದೇ ಉಸಿರಿನಲ್ಲಿ ಹೇಳಿದ್ದ ಇನ್ನೊಂದು ಮಾತಿತ್ತು: ಮಹಾಸಭೆಯಲ್ಲಿ ಇಬ್ಬರು ಟ್ರಸ್ಟಿಗಳು ಬದಲಾಗಿದ್ದಾರೆ, ಚೇಂಜ್ ರಿಪೋರ್ಟ್ ಇನ್ನೂ ಹೋಗಿಲ್ಲ. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯಿದೆಯ ಪ್ರಕಾರ ಬದಲಾವಣೆಯಾದ 90 ದಿನಗಳೊಳಗೆ ಅದನ್ನು ಚಾರಿಟಿ ಕಮಿಷನರ್ ಕಚೇರಿಗೆ, ಎಂದರೆ ನಮ್ಮ ಪಾಲಿಗೆ ವರ್ಳಿಗೆ, ಸಲ್ಲಿಸಬೇಕು. ಇಡೀ ಸಭೆಯಲ್ಲಿ ತಪ್ಪಿಸಲಾಗದ ಗಡುವಿದ್ದ ಕೆಲಸ ಅದೊಂದೇ. ಸಾರಾಂಶದಲ್ಲಿ ಅದರ ಸುಳಿವೇ ಇರಲಿಲ್ಲ. ಹುಡುಗನನ್ನು ದೂರುವಂತಿಲ್ಲ, ಇಷ್ಟೇ ಪದಗಳಲ್ಲಿ ಹೇಳು ಎಂದರೆ ಯಂತ್ರ ಹೆಚ್ಚು ಮಾತಾಡಿದ ವಿಷಯಕ್ಕೆ ಹೆಚ್ಚು ಜಾಗ ಕೊಡುತ್ತದೆ. ಯಾವುದು ಭಾರ, ಯಾವುದು ಹಗುರ ಎಂಬುದು ಅದಕ್ಕೆ ಮಾತಿನ ಉದ್ದದಿಂದಲೇ ಗೊತ್ತಾಗಬೇಕು.

ಭಾನುವಾರ ಬೆಳಿಗ್ಗೆ ನಾನೇ ಕುಳಿತೆ. ಬ್ಯಾಂಕಿನಲ್ಲಿ ಇಂಥ ಪಠ್ಯಗಳೊಂದಿಗೆ ಸಾಕಷ್ಟು ಹೆಣಗಿದ್ದರಿಂದ ನನಗೊಂದು ಕ್ರಮ ರೂಢಿಯಾಗಿದೆ: ಸಾರಾಂಶವನ್ನು ಕೇಳುವುದು ಕೊನೆಗೆ. ಮೊದಲು ಕೇಳುವುದು ಪಟ್ಟಿ. ಪಠ್ಯದಿಂದ ದಾನಿಗಳ ಫೋನ್ ನಂಬರು, ಖಾತೆ ಸಂಖ್ಯೆಗಳನ್ನು ತೆಗೆದುಹಾಕಿದೆ. ನಂತರ ಅದನ್ನು ಕತ್ತರಿಸಿದೆ. ಒಟ್ಟಾಗಿ ಹಾಕಿದರೂ ಚಾಟ್‌ಬಾಟ್ ನುಂಗುತ್ತದೆ, ಆದರೆ ಬಹಳ ಉದ್ದದ ಪಠ್ಯದಲ್ಲಿ ಮೊದಲು ಮತ್ತು ಕೊನೆ ಚೆನ್ನಾಗಿ ಉಳಿದು ನಡುವಿನ ಭಾಗ ತೆಳುವಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಸಮಾನ ತುಂಡುಗಳಾಗಿ ಅಲ್ಲ, ಕಾರ್ಯಸೂಚಿಯ ವಿಷಯ ಎಲ್ಲಿ ಬದಲಾಗುತ್ತದೆಯೋ ಅಲ್ಲಿ ಕತ್ತರಿಸಬೇಕು. ಪ್ರತಿ ತುಂಡಿನ ಆರಂಭದಲ್ಲಿ ಹಿಂದಿನದರ ಹತ್ತಿಪ್ಪತ್ತು ಸಾಲುಗಳು ಇರಬೇಕು; ಇಲ್ಲದಿದ್ದರೆ "ಅದನ್ನು ಅವರೇ ಮಾಡಲಿ" ಎಂಬ ಮಾತು ಬಂದಾಗ ಯಾವುದನ್ನು, ಯಾರು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಪ್ರತಿ ತುಂಡಿಗೂ ಒಂದೇ ಸೂಚನೆ:

```
ಈ ಭಾಗದಲ್ಲಿ ಒಪ್ಪಿಕೊಂಡ ಕೆಲಸಗಳನ್ನು ಮಾತ್ರ ಪಟ್ಟಿ ಮಾಡು.
ಕಾಲಂಗಳು: ಕೆಲಸ | ಯಾರು | ಗಡುವು | ಷರತ್ತು | ಸಮಯ | ಮೂಲ ಮಾತು
ಹೇಳದೇ ಇರುವುದನ್ನು "ಹೇಳಿಲ್ಲ" ಎಂದು ಬರೆ. ಊಹಿಸಬೇಡ.
ಚರ್ಚೆಯಾಗಿ ತೀರ್ಮಾನವಾಗದ್ದನ್ನು ಬೇರೆ ಪಟ್ಟಿಯಲ್ಲಿ ಇಡು.
ಹಣ, ದಿನಾಂಕ, ಕಾನೂನಿನ ಮಾತು ಒಂದೇ ಸಲ ಬಂದರೂ ಬಿಡಬೇಡ.
```

ಕೊನೆಯ ಎರಡು ಕಾಲಂಗಳಿಗಾಗಿಯೇ ಈ ಪಟ್ಟಿ. ಮೂಲ ಮಾತು ಮತ್ತು ಸಮಯ ಎದುರಿಗಿದ್ದರೆ ರೆಕಾರ್ಡಿಂಗ್‌ನಲ್ಲಿ ಆ ಜಾಗಕ್ಕೆ ಹೋಗಿ ಕೇಳಬಹುದು. ಮೂಲ ಮಾತನ್ನೂ ಅದು ಕೆಲವೊಮ್ಮೆ ತಿದ್ದಿ ಕೊಡುತ್ತದೆ. ಆದ್ದರಿಂದ ಅದನ್ನು ನಕಲು ಮಾಡಿ ಪಠ್ಯದಲ್ಲಿ ಹುಡುಕುತ್ತೇನೆ. ಸಿಗದಿದ್ದರೆ ಆ ಸಾಲನ್ನು ನಂಬುವುದಿಲ್ಲ. "ಹೇಳಿಲ್ಲ" ಎಂಬ ಅನುಮತಿಯೂ ಮುಖ್ಯ. ಖಾಲಿ ಬಿಡಬಹುದೆಂದು ಹೇಳದಿದ್ದರೆ "ಯಾರು" ಎಂಬ ಕಾಲಂ ತುಂಬಲೇಬೇಕೆಂಬ ಹುರುಪಿನಲ್ಲಿ ಅದು ಕೊನೆಗೆ ಮಾತಾಡಿದವರ ಕೊರಳಿಗೆ ಕೆಲಸವನ್ನು ಕಟ್ಟಿಬಿಡುತ್ತದೆ.

ಹಾಗೆ ಕಟ್ಟಿದ್ದ ಕೆಲಸವೇ ಹುಡುಗ ಕಳಿಸಿದ ಸಾರಾಂಶದಲ್ಲಿ ಇತ್ತು: "ಶಾಲೆಯ ಮೈದಾನದ ಅನುಮತಿ ಪತ್ರವನ್ನು ಶೆಟ್ಟರು ತರುತ್ತಾರೆ." ಯಾವ ಶೆಟ್ಟರು? ಮುಂಬಯಿಯ ಕನ್ನಡ ಸಂಘದಲ್ಲಿ ಶೆಟ್ಟರೆಂದರೆ ವಿಳಾಸವೇ ಅಲ್ಲ. ನಮ್ಮ ಸಮಿತಿಯಲ್ಲಿ ಖಜಾಂಚಿ ಶೆಟ್ಟರಿದ್ದಾರೆ, ಹೋಟೆಲಿನ ಶೆಟ್ಟರಿದ್ದಾರೆ, ಇಬ್ಬರೂ ಅಂದು ಮೇಜಿನ ಒಂದೇ ಬದಿಯಲ್ಲಿದ್ದರು. ಪಠ್ಯದಲ್ಲಿ ಹೀಗಿತ್ತು:

```
[01:12:40] Speaker 2: ಶೆಟ್ಟರೇ, ಶಾಲೆಯವರ ಪತ್ರ ನೀವೇ ತನ್ನಿ.
[01:12:44] Speaker 3: ಆಯಿತು, ಆಯಿತು. ಮುಂದಿನ ವಿಷಯ.
```

ಆನ್‌ಲೈನ್‌ನಲ್ಲಿದ್ದವರ ಮಾತು ಅವರವರ ಖಾತೆಯ ಹೆಸರಿನಲ್ಲಿ ಬರುತ್ತದೆ. ಅಲ್ಲೂ ಒಬ್ಬರು ಮೊಮ್ಮಗಳ ಖಾತೆಯಿಂದ ಬಂದಿದ್ದರಿಂದ, ಸಂಘದ ಹಿರಿಯ ಸಲಹೆಗಾರರ ಮಾತೆಲ್ಲ ಕಾಲೇಜು ಹುಡುಗಿಯ ಹೆಸರಿನಲ್ಲಿ ದಾಖಲಾಗಿತ್ತು. ಕೋಣೆಯಲ್ಲಿದ್ದವರ ಕಥೆ ಬೇರೆ. ಅಷ್ಟೂ ಜನರ ದನಿ ಮೇಜಿನ ನಡುವಿನ ಒಂದೇ ಫೋನಿಗೆ ಹೋಗಿದೆ. ದನಿಯ ಹೋಲಿಕೆ ನೋಡಿ ತಂತ್ರಾಂಶ ಅವರನ್ನು Speaker 1, Speaker 2 ಎಂದು ಬೇರ್ಪಡಿಸಿದೆ. ಇದು ಎರಡು ರೀತಿಯಲ್ಲಿ ಕೆಡುತ್ತದೆ. ದನಿ ಹೋಲುವ ಇಬ್ಬರು ಒಂದೇ ಸಂಖ್ಯೆಯಡಿ ಸೇರುತ್ತಾರೆ; ಇಲ್ಲವೇ ಒಬ್ಬರೇ ಇಬ್ಬರಾಗುತ್ತಾರೆ. ಹೋಟೆಲಿನ ಶೆಟ್ಟರು ಫ್ಯಾನು ಜೋರು ಮಾಡಲು ಎದ್ದು ಗೋಡೆಯ ಹತ್ತಿರ ಹೋಗಿ ಅಲ್ಲಿಂದಲೇ ಮಾತು ಮುಂದುವರಿಸಿದರು. ಆ ಕ್ಷಣದಿಂದ ಅವರು Speaker 7.

ಇಂಥ ಕಡೆ ಹಾಜರಿ ಪಟ್ಟಿ ಕೊಟ್ಟು "ಯಾರು ಯಾರೆಂದು ಗುರುತಿಸು" ಎಂದರೆ ಚಾಟ್‌ಬಾಟ್ ಹಿಂಜರಿಯದೆ ಗುರುತಿಸುತ್ತದೆ, ತಪ್ಪನ್ನೂ ಸರಿಯನ್ನೂ ಒಂದೇ ಧೈರ್ಯದಲ್ಲಿ. ಅದಕ್ಕೆ ದನಿ ಕೇಳಿಸುವುದಿಲ್ಲ. ಅಕ್ಷರ ಮಾತ್ರ ಕಾಣುತ್ತದೆ. ಹಾಗಾಗಿ ನಾನು ಹೆಸರು ಕೇಳಲಿಲ್ಲ, ಸುಳಿವು ಕೇಳಿದೆ: ಪ್ರತಿ Speaker ತನ್ನ ಬಗ್ಗೆ ಹೇಳಿಕೊಂಡ ಮಾತು ಎಲ್ಲಿದೆ, ಅವರು ಮಾತಾಡುವ ಮುಂಚಿನ ಸಾಲಿನಲ್ಲಿ ಯಾರಾದರೂ ಹೆಸರು ಹಿಡಿದು ಕರೆದಿದ್ದಾರೆಯೇ, ಸಮಯದೊಂದಿಗೆ ಕೊಡು ಎಂದು. "ಪಾಸ್‌ಬುಕ್ ನನ್ನ ಹತ್ತಿರವೇ ಇದೆ" ಎಂದವರು ಖಜಾಂಚಿ. "ನಮ್ಮ ಕಿಚನ್‌ನಿಂದಲೇ ಕಳಿಸುತ್ತೇನೆ" ಎಂದವರು ಹೋಟೆಲಿನವರು. ಅಷ್ಟು ಜಾಗಗಳಲ್ಲಿ ಮಾತ್ರ ರೆಕಾರ್ಡಿಂಗ್ ಕೇಳಿ ಹೆಸರು ಖಚಿತಪಡಿಸಿಕೊಂಡು ಪಠ್ಯದಲ್ಲಿ ಬದಲಿಸಿದೆ. ಬದಲಿಸುವಾಗ Speaker 1 ಎಂದಷ್ಟೇ ಹುಡುಕಿದರೆ Speaker 10 ಕೂಡ ಬದಲಾಗಿಬಿಡುತ್ತದೆ. ಸಂಖ್ಯೆಯ ನಂತರದ ವಿವರಣ ಚಿಹ್ನೆಯನ್ನೂ ಸೇರಿಸಿ `Speaker 1:` ಎಂದು ಹುಡುಕಬೇಕು.

ಈಗ 01:12:44ಕ್ಕೆ ಹೋಗಿ ಕೇಳಿದೆ. "ಆಯಿತು, ಆಯಿತು" ಎಂದವರು ಇಬ್ಬರು ಶೆಟ್ಟರಲ್ಲಿ ಯಾರೂ ಅಲ್ಲ. ಗಡಿಯಾರ ನೋಡುತ್ತಿದ್ದ ಅಧ್ಯಕ್ಷರು ಮಾತು ಮುಗಿಸಲು ಹೇಳಿದ್ದದು. ಖಜಾಂಚಿ ಶೆಟ್ಟರಿಗೆ ಫೋನ್ ಮಾಡಿದೆ. "ಹೋಟೆಲಿನವರಿಗೆ ಹೇಳಿದ್ದಲ್ಲವಾ ಮೇಡಂ?" ಎಂದರು. ಹೋಟೆಲಿನವರಿಗೆ ಮಾಡಿದರೆ, "ಪತ್ರ, ಸಹಿ ಎಲ್ಲ ಖಜಾಂಚಿಯವರದ್ದೇ ಅಲ್ಲವೇ, ಅವರೇ ತರುತ್ತಾರೆ ಅಂದುಕೊಂಡೆ" ಎಂದರು. ಎಂದರೆ ಸಾರಾಂಶ ಕೆಟ್ಟದ್ದು ಯಂತ್ರದಿಂದಲ್ಲ. ಸಭೆಯಲ್ಲೇ ಆ ಕೆಲಸ ಯಾರಿಗೂ ಸೇರಿರಲಿಲ್ಲ. ಕೊನೆಗೆ ಹೋಟೆಲಿನ ಶೆಟ್ಟರು ಒಪ್ಪಿಕೊಂಡರು. ಪಟ್ಟಿಯಲ್ಲಿ "ಸಭೆಯ ನಂತರ ಫೋನಿನಲ್ಲಿ ಒಪ್ಪಿದ್ದು" ಎಂದೇ ಬರೆದೆ. ಸಭೆಯಲ್ಲಿ ಒಪ್ಪಿದಂತೆ ಬರೆದರೆ ಅದು ನಡವಳಿಯಲ್ಲ, ಕಥೆ.

ಇನ್ನೊಂದು ತೊಡಕು ತುಳುವಿನದು. ತಂತ್ರಾಂಶಕ್ಕೆ ನಾವು ಕನ್ನಡ ಎಂದು ಹೇಳಿದ್ದೆವು. ನಮ್ಮವರೋ, ಸ್ವಲ್ಪ ಬಿಸಿಯಾದರೆ ತುಳುವಿಗೆ ಇಳಿಯುತ್ತಾರೆ, ಹಣದ ಮಾತು ಬಂದರೆ ಮರಾಠಿ, ಹಿಂದಿ. ಒಂದು ಭಾಷೆಗೆ ಕಟ್ಟುಬಿದ್ದ ತಂತ್ರಾಂಶ ಬೇರೆ ಭಾಷೆಯ ಮಾತನ್ನು ಬಿಟ್ಟುಬಿಡುವುದಿಲ್ಲ. ಹತ್ತಿರದ ಕನ್ನಡ ಪದಗಳಿಗೆ ಹೊಂದಿಸುತ್ತದೆ. ಧ್ವನಿವರ್ಧಕದವರಿಗೆ ಮುಂಗಡ ಹೋಗಿದೆಯೇ ಎಂದು ಕೇಳಿದಾಗ ಒಬ್ಬರು "ಎಂಕ್ ಗೊತ್ತುಜ್ಜಿ" ಎಂದಿದ್ದರು, ನನಗೆ ಗೊತ್ತಿಲ್ಲ ಎಂದು. ಪಠ್ಯದಲ್ಲಿ ಅದು "ಗೊತ್ತು ಅಜ್ಜಿ" ಎಂದಾಗಿತ್ತು. ಚಾಟ್‌ಬಾಟ್ ಅಜ್ಜಿಯನ್ನು ಮೆಲ್ಲಗೆ ಕೈಬಿಟ್ಟು, ಮುಂಗಡದ ಮಾಹಿತಿ ಅವರ ಬಳಿ ಇದೆ ಎಂದು ಬರೆದಿತ್ತು. ಅರ್ಥ ಪೂರ್ತಿ ತಿರುಗಿಹೋಗಿದೆ, ಆದರೆ ವಾಕ್ಯ ಎಷ್ಟು ನಯವಾಗಿದೆಯೆಂದರೆ ಅನುಮಾನವೇ ಬರುವುದಿಲ್ಲ. ಇದನ್ನು ಹಿಡಿಯಲು ನಾನು ಮಾಡಿದ್ದಿಷ್ಟು: ಅರ್ಥ ಕೂಡದ ಸಾಲುಗಳನ್ನು ತಿದ್ದದೆ ಹಾಗೆಯೇ, ಸಮಯದೊಂದಿಗೆ ತೋರಿಸು ಎಂದು ಮೊದಲೇ ಕೇಳಿಕೊಂಡೆ. ಹಾಗೆ ತೋರಿಸಿದ ಸಾಲುಗಳಲ್ಲಿ ಬಹುಪಾಲು ತುಳುವೇ.

ತುಂಡುಗಳ ಪಟ್ಟಿಗಳನ್ನೆಲ್ಲ ಒಂದಾಗಿಸಿ, ಮುಂದೆ ಬದಲಾದ ಅಥವಾ ವಿರೋಧವಾದ ತೀರ್ಮಾನ ಯಾವುದೆಂದು ಸಮಯದ ಕ್ರಮದಲ್ಲಿ ಕೇಳಿದೆ. ಊಟದ್ದು ಸಿಕ್ಕಿತು: ಮೊದಲ ತಾಸಿನಲ್ಲಿ ಬುಫೆ ಎಂದಾಗಿದ್ದದ್ದು, ಎಲ್ಲರೂ ಎದ್ದು ಚಪ್ಪಲಿ ಹುಡುಕುವಾಗ ಬಾಳೆಎಲೆಯಾಗಿತ್ತು.

ಸಾರಾಂಶದ ಉದ್ದದ ಮಾತಿಗೆ ನಾನು ಬಂದದ್ದು ಇಷ್ಟಾದ ಮೇಲೆ. 300 ಪದ ಎಂದು ಹೇಳಿದರೆ ಚಾಟ್‌ಬಾಟ್ ಪದ ಎಣಿಸುತ್ತಾ ಬರೆಯುವುದಿಲ್ಲ. ಪದದ ಚೂರುಗಳನ್ನು ಒಂದರ ಹಿಂದೊಂದು ಜೋಡಿಸುತ್ತಾ ಹೋಗುತ್ತದೆ, ಅಳತೆ ಅಂದಾಜಿನದು. ಎಣಿಸಬಹುದಾದ ಗುರುತು ಕೊಟ್ಟರೆ ಹೆಚ್ಚು ಪಾಲಿಸುತ್ತದೆ: ಕಾರ್ಯಸೂಚಿಯ ಪ್ರತಿ ವಿಷಯಕ್ಕೆ ಹೆಚ್ಚೆಂದರೆ ಎರಡು ವಾಕ್ಯ, ಮೊದಲನೆಯದು ತೀರ್ಮಾನ, ಎರಡನೆಯದು ಷರತ್ತು. ಹೀಗೆ ಹೇಳಿದಾಗ ಊಟಕ್ಕೂ ಚೇಂಜ್ ರಿಪೋರ್ಟಿಗೂ ಸಮಾನ ಜಾಗ ಸಿಕ್ಕಿತು. ಷರತ್ತಿಗೆ ಬೇರೆ ವಾಕ್ಯ ಏಕೆಂದರೆ, ಚಿಕ್ಕದು ಮಾಡುವಾಗ ಮೊದಲು ಉದುರುವುದು "ಆದರೆ" ಎಂಬುದರ ನಂತರದ ಮಾತು. ಸದಸ್ಯರ ಗುಂಪಿಗೆಂದು ಈ ನಡವಳಿಯನ್ನೇ ಇನ್ನೂ ಚಿಕ್ಕದಾಗಿಸಿ ನೋಡಿದಾಗ "ಮೈದಾನದಲ್ಲಿ ಯಕ್ಷಗಾನ ನಡೆಯಲಿದೆ" ಎಂದಷ್ಟೇ ಉಳಿಯಿತು. ಸಭೆ ಒಪ್ಪಿದ್ದು ಕಾಲಮಿತಿಯ ಪ್ರಸಂಗಕ್ಕೆ, ರಾತ್ರಿ 10ಕ್ಕೆ ಮುಗಿಯುವುದಾದರೆ ಮಾತ್ರ. ತೆರೆದ ಮೈದಾನದಲ್ಲಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಅಡ್ಡಬರುತ್ತವೆ. ಹಾಗಾಗಿ ಗುಂಪಿನ ಪ್ರಕಟಣೆಯನ್ನು ನಡವಳಿಯಿಂದ ಇಳಿಸಲಿಲ್ಲ. ಎರಡನ್ನೂ ಪಟ್ಟಿಯಿಂದಲೇ ಬೇರೆಬೇರೆಯಾಗಿ ಬರೆಸಿದೆ.

ಮಧ್ಯಾಹ್ನದ ಊಟ ತಡವಾಯಿತು, ಮನೆಯವರು ಗೊಣಗಿದರು. ಪೂರ್ತಿ ರೆಕಾರ್ಡಿಂಗ್ ಕೇಳಿ ಬರೆಯುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಏನೂ ಅಲ್ಲ ಎಂದರೆ ಅವರು ಒಪ್ಪಲಿಲ್ಲ. ಚೇಂಜ್ ರಿಪೋರ್ಟಿನ ಸಾಲನ್ನು ಮಾತ್ರ ಸಂಜೆಗೆ ಕಾಯದೆ ಆಗಲೇ ಅಧ್ಯಕ್ಷರಿಗೆ ಕಳಿಸಿದೆ.

ಮುಂದಿನ ಸಭೆಯಲ್ಲಿ ನಡವಳಿ ಓದಿದೆ. ಎಲ್ಲರೂ ಒಟ್ಟಿಗೆ ಮಾತಾಡಿದ್ದ ಒಂದು ಜಾಗವನ್ನು ಎಷ್ಟು ಕೇಳಿದರೂ ಬಿಡಿಸಲಾಗದೆ "ಪಾಯಸ ಒಂದೇ ಸಾಕು ಎಂಬ ಸಲಹೆ ಬಂದಿತು, ಯಾರದೆಂದು ಸ್ಪಷ್ಟವಿಲ್ಲ" ಎಂದು ಬರೆದಿದ್ದೆ. ಓದಿದ ಕೂಡಲೇ ಮೂವರು ಅದು ತಮ್ಮ ಮಾತೆಂದರು. ಹಾಗೆಯೇ ಇರಲಿ ಎಂದು ಅಧ್ಯಕ್ಷರು ಸಹಿ ಹಾಕಿದರು.