ಅಕ್ಕ ಹೋಗಿ ಮೇಡಂ ಆದೆ

ಮಧುಗಿರಿಯಿಂದ ತುಮಕೂರಿಗೆ ವರ್ಗವಾದಾಗ ಮಗಳ ಶಾಲೆ ಶುರುವಾಗಲು ಇನ್ನೊಂದು ತಿಂಗಳಿತ್ತು. ಎರಡು ಭಾನುವಾರ ಬಟವಾಡಿ, ಎಸ್.ಎಸ್. ಪುರಂ ಅಂತ ಸುತ್ತಿ, ಕೊನೆಗೆ ಶೆಟ್ಟಿಹಳ್ಳಿ ಕಡೆ ಒಂದು ಮನೆ ಮೆಚ್ಚಿದೆ. ಮೊದಲನೇ ಮಹಡಿ, ಎರಡು ರೂಮು, ಅಡುಗೆಮನೆಗೆ ಬೆಳಗಿನ ಬಿಸಿಲು. ತೋರಿಸಿದ್ದು ಒಬ್ಬ ಬ್ರೋಕರ್. ಮೂವತ್ತೈದರ ಹುಡುಗ, ಮಾತಿಗೊಂದು ಸಲ ‘ಅಕ್ಕ’ ಅನ್ನುತ್ತಿದ್ದ.

ಅವತ್ತೇ ರಾತ್ರಿ ಅವನಿಗೆ ವಾಟ್ಸಾಪ್‌ನಲ್ಲಿ ಬರೆದೆ: ‘ಬಾಡಿಗೆ 9,000, ಅಡ್ವಾನ್ಸ್ 60,000, ನಿಮ್ಮ ಕಮಿಷನ್ ಒಂದು ತಿಂಗಳ ಬಾಡಿಗೆ. ಅಷ್ಟೇ ಅಲ್ವಾ?’ ‘ಹೌದು ಅಕ್ಕ’ ಅಂತ ಉತ್ತರ ಬಂತು. ಇಷ್ಟು ಜಾಣತನ ತೋರಿಸಿದವಳು ಮರುದಿನ ಒಂದು ದಡ್ಡ ಕೆಲಸ ಮಾಡಿದೆ. ‘ಬೇರೆ ಪಾರ್ಟಿ ಬರ್ತಾ ಇದಾರೆ, ಟೋಕನ್ ಹಾಕಿಬಿಡಿ’ ಅಂದ. ಅವನ ನಂಬರಿಗೇ 5,000 ಹಾಕಿದೆ. ಟೋಕನ್ ಅಡ್ವಾನ್ಸಿನಲ್ಲಿ ಮುರಿಯುವ ದುಡ್ಡು. ಅದು ಸೇರಬೇಕಾದದ್ದು ಓನರಿಗೆ. ಓನರ್ ಯಾರು ಅಂತಲೇ ನನಗೆ ಗೊತ್ತಿರಲಿಲ್ಲ.

ಶನಿವಾರ ಅಗ್ರಿಮೆಂಟ್ ಅಂತ ಮಾತಾಯಿತು. ಗುರುವಾರ ಸಂಜೆ ಚಪಾತಿ ಲಟ್ಟಿಸುತ್ತಿದ್ದೆ, ಅವನ ಫೋನು.

‘ಅಕ್ಕ, ಕಮಿಷನ್ ಒಂದೂವರೆ ತಿಂಗಳು ಆಗುತ್ತೆ. ಹದಿಮೂರೂವರೆ ರೆಡಿ ಮಾಡ್ಕೊಂಡಿರಿ.’

‘ಒಂದು ತಿಂಗಳು ಅಂತ ಮಾತಾಗಿತ್ತಲ್ಲ?’

‘ಓನರ್ ಒಂದು ಲಕ್ಷ ಅಡ್ವಾನ್ಸ್ ಕೇಳ್ತಿದ್ರು. ನಾನೇ ಹೇಳಿ ಅರವತ್ತಕ್ಕೆ ಇಳಿಸಿದ್ದು. ಅವರ ಕಡೆಯಿಂದ ನಂಗೇನೂ ಬರಲ್ಲ. ಅದನ್ನೂ ನೀವೇ ಕೊಡ್ಬೇಕಾಗುತ್ತೆ.’

ಒಂದು ಕ್ಷಣ ನನಗೂ ಸರಿಯೇನೋ ಅನ್ನಿಸಿತು. ನಲವತ್ತು ಸಾವಿರ ಇಳಿಸಿದವನಿಗೆ ನಾಲ್ಕೂವರೆ ಸಾವಿರ ಜಾಸ್ತಿಯೇ? ಆದರೆ ಅಡ್ವಾನ್ಸ್ ಮನೆ ಬಿಡುವಾಗ ವಾಪಸ್ ಬರುವ ದುಡ್ಡು. ಕಮಿಷನ್ ಹೋದರೆ ಹೋಯಿತು. ಇವೆರಡನ್ನು ಒಂದೇ ತಕ್ಕಡಿಗೆ ಹಾಕಿ ತೂಗಿದರೆ ಯಾವಾಗಲೂ ಬ್ರೋಕರ್ ಕಡೆಯೇ ತೂಕ. ಬಾಡಿಗೆ ಮನೆಯ ಕಮಿಷನ್ ಇಷ್ಟೇ ಅಂತ ಗೊತ್ತು ಮಾಡಿದವರೂ ಯಾರಿಲ್ಲ. ರಿಯಲ್ ಎಸ್ಟೇಟ್ ವ್ಯವಹಾರ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರ ರೇರಾದಲ್ಲಿ ಏಜೆಂಟರು ನೋಂದಾಯಿಸಿಕೊಳ್ಳಬೇಕಾದದ್ದು ಪ್ರಾಜೆಕ್ಟಿನ ಫ್ಲ್ಯಾಟು, ಸೈಟು ಮಾರಿಸುವುದಕ್ಕೆ. ಬಾಡಿಗೆಯಲ್ಲಿ ಆಡಿದ ಮಾತೇ ಲೆಕ್ಕ. ಆ ಮಾತು ನನ್ನ ಫೋನಿನಲ್ಲಿತ್ತು.

‘ಒಂಬತ್ತು ಸಾವಿರ ಅಂತ ಒಪ್ಪಿದ್ದೀನಿ, ಅದನ್ನ ಖಂಡಿತ ಕೊಡ್ತೀನಿ. ಅದರ ಮೇಲೆ ಕೊಡೋಕಾಗಲ್ಲ. ಓನರ್ ಕಡೆಯ ಕಮಿಷನ್ ವಿಷಯ ಅಂದ್ರಲ್ಲ, ಓನರ್ ಹತ್ರಾನೇ ಮಾತಾಡ್ತೀನಿ. ನೀವೂ ಲೈನಲ್ಲಿರಿ.’

‘ಓನರ್ ಬೆಂಗಳೂರಲ್ಲಿದಾರೆ ಮೇಡಂ. ನಂಬರ್ ಯಾರಿಗೂ ಕೊಡ್ಬೇಡಿ ಅಂದಿದಾರೆ.’

ಅಕ್ಕ ಹೋಗಿ ಮೇಡಂ ಬಂದಿತ್ತು.

‘ಶನಿವಾರ ಅಗ್ರಿಮೆಂಟಿಗೆ ಅವರು ಬರಲೇಬೇಕಲ್ವಾ? ಆಗಲೇ ಮಾತಾಡೋಣ ಬಿಡಿ.’

‘ಅವರು ಬರಲ್ಲ, ಸೈನ್ ಮಾಡಿಸ್ಕೊಂಡು ಬರ್ತೀನಿ. ಅಡ್ವಾನ್ಸ್ ನನ್ ಕೈಗೆ ಕೊಟ್ರೆ ಆಯ್ತು.’

ನಾಲ್ಕೂವರೆ ಸಾವಿರದ ಸಿಟ್ಟು ಅಲ್ಲಿಗೆ ಮರೆತುಹೋಯಿತು. ಮುಖ ನೋಡದ ಮನುಷ್ಯರ ಹೆಸರಿನಲ್ಲಿ ಅರವತ್ತು ಸಾವಿರವನ್ನು ಇವನ ಕೈಗೆ ಕೊಡಬೇಕಂತೆ! ಸಹಿ ಯಾರದ್ದು ಅಂತ ಹೇಗೆ ಹೇಳುವುದು? ಮನೆ ಬಿಡುವ ದಿನ ಯಾರನ್ನು ಕೇಳುವುದು? ‘ಓನರ್ ಜೊತೆ ಮಾತಾಡದೆ ಒಂದು ರೂಪಾಯಿ ಕೊಡಲ್ಲ’ ಅಂತ ಹೇಳಿ ಫೋನಿಟ್ಟೆ. ಅದನ್ನೇ ವಾಟ್ಸಾಪ್‌ನಲ್ಲೂ ಬರೆದೆ. ಚಪಾತಿ ಹೊತ್ತಿಹೋಗಿತ್ತು.

ಶುಕ್ರವಾರ ಆಫೀಸು ಮುಗಿಸಿ ಆ ಮನೆ ಹತ್ತಿರ ಹೋದೆ. ಮೆಟ್ಟಿಲ ಕೆಳಗೆ ಮೀಟರ್ ಬೋರ್ಡು. ಮೊದಲ ಮಹಡಿಯ ಮೀಟರಿನ ಸಂದಿಯಲ್ಲಿ ಸುರುಳಿ ಸುತ್ತಿಕೊಂಡ ಬೆಸ್ಕಾಂ ಬಿಲ್ಲು ಸಿಕ್ಕಿಸಿತ್ತು. ಅರ್ಧ ಅಳಿಸಿದ ಅಕ್ಷರ, ಮೊಬೈಲ್ ಲೈಟು ಹಾಕಿ ಓದಿದೆ. ಆರ್.ಆರ್. ನಂಬರಿನ ಜೊತೆ ಒಬ್ಬ ಗಂಡಸಿನ ಹೆಸರು. ಬ್ರೋಕರ್ ಮಾತ್ರ ಮೊದಲ ದಿನದಿಂದ ‘ಓನರ್ ಅಮ್ಮ’ ಅಂತಿದ್ದ.

ಕೆಳಗಿನ ಮನೆಯವರನ್ನು ಆ ಹೆಸರು ಹೇಳಿ ಕೇಳಿದೆ. ‘ಅವರು ಹೋಗಿಬಿಟ್ರು, ಎರಡು ವರ್ಷ ಆಯ್ತು. ಅವರ ಹೆಂಡ್ತಿ ಇಲ್ಲೇ ಹಿಂದಿನ ರಸ್ತೇಲಿ ಇದಾರಲ್ಲ. ಕರಿಬೇವಿನ ಗಿಡದ ಮನೆ.’

ಬೆಂಗಳೂರು ಅಷ್ಟು ಹತ್ತಿರ ಅಂತ ನನಗೆ ಗೊತ್ತಿರಲಿಲ್ಲ.

ಅಮ್ಮನಿಗೆ ಎಪ್ಪತ್ತರ ಹತ್ತಿರ. ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ವಿಷಯ ಹೇಳಿದೆ. ‘ಟೋಕನ್ ಕೊಟ್ಟಿದ್ದೀಯಾ? ಪಾರ್ಟಿ ಇನ್ನೂ ಯೋಚನೆ ಮಾಡ್ತಾ ಇದೆ ಅಂದನಲ್ಲಮ್ಮ ಅವನು!’ ಅಂದರು. ಒಂದು ಲಕ್ಷದ ಮಾತೇ ಆಗಿರಲಿಲ್ಲವಂತೆ. ಅವರು ಮೊದಲಿಂದ ಕೇಳಿದ್ದು ಅರವತ್ತೇ. ಅವರ ಕಡೆಯಿಂದ ಅರ್ಧ ತಿಂಗಳ ಕಮಿಷನ್ ಆಗಲೇ ಅವನ ಜೇಬು ಸೇರಿತ್ತು. ನನ್ನಿಂದ ಕೇಳಿದ ನಾಲ್ಕೂವರೆಯೂ ಅದೇ ಲೆಕ್ಕ, ಎರಡನೇ ಸಲ.

ಬಿಲ್ಲು ಯಜಮಾನರ ಹೆಸರಿನಲ್ಲೇ ಉಳಿದಿರುವುದರಿಂದ ಮನೆ ಈಗ ಯಾರ ಹೆಸರಿಗಿದೆ ಅಂತ ಸಂಕೋಚದಿಂದಲೇ ಕೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ಒಳಗಿಂದ ಪ್ಲಾಸ್ಟಿಕ್ ಕವರು ತಂದು ಮಹಾನಗರ ಪಾಲಿಕೆಯ ಕಂದಾಯದ ರಸೀದಿ ತೋರಿಸಿದರು. ಖಾತೆ ಅವರ ಹೆಸರಿಗೆ ಆಗಿತ್ತು. ಅಗ್ರಿಮೆಂಟಿನಲ್ಲಿ ಆ ಹೆಸರೇ ಬರಬೇಕು, ದುಡ್ಡು ಹೋಗುವ ಅಕೌಂಟೂ ಅದೇ ಹೆಸರಿನದ್ದಾಗಿರಬೇಕು.

‘ಹಂಗಾದ್ರೆ ಅವನಿಗೆ ಏನೂ ಕೊಡದೆ ನಾವಿಬ್ಬರೇ ಮುಗಿಸ್ಕೊಳ್ಳೋಣ್ವಾ ಅಮ್ಮ?’ ಅಂತ ಕೇಳಿಬಿಟ್ಟೆ. ಸುಮ್ನೆ ಬಾಯಿಗೆ ಬಂದ ಮಾತು.

‘ಅದೆಂಗಾಗುತ್ತೆ? ಮೂರು ಸಲ ಬೀಗ ತೆಗೆದು ತೋರಿಸಿದಾನೆ. ಒಪ್ಪಿದ್ದು ಕೊಟ್ಟುಬಿಡು. ಜಾಸ್ತಿ ಕೊಡಬೇಡ’ ಅಂದವರೇ ಅವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ‘ಏನಪ್ಪಾ, ನಾನು ಬೆಂಗಳೂರಲ್ಲಿದ್ದೀನಂತೆ?’

ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಬೈಕಿನ ಸದ್ದು. ಆಮೇಲೆ ‘ಅದು... ಬೇರೆ ಮನೆ ಓನರ್ ಅಂದ್ಕೊಂಡು ಹೇಳಿದೆ ಅಮ್ಮ’ ಅಂದ.

ಲೆಕ್ಕ ಅಲ್ಲೇ ಮುಗಿಯಿತು. ಅವನ ಹತ್ತಿರ ಇರುವ 5,000 ಅವನ ಕಮಿಷನ್ನಿಗೆ ಜಮಾ. ಉಳಿದ 4,000 ಅಗ್ರಿಮೆಂಟ್ ಆದ ಮೇಲೆ. ಅಡ್ವಾನ್ಸಿನ ಪೂರ್ತಿ 60,000 ನೇರವಾಗಿ ಅಮ್ಮನ ಅಕೌಂಟಿಗೆ. ಇದನ್ನು ಮೂವರಿಗೂ ಹೋಗುವ ಹಾಗೆ ಮೆಸೇಜ್ ಹಾಕಿದೆ.

ಶನಿವಾರ ಅವರ ಜಗಲಿಯಲ್ಲೇ ಅಗ್ರಿಮೆಂಟ್. ಇ-ಸ್ಟಾಂಪ್ ಕಾಗದ, ಹನ್ನೊಂದು ತಿಂಗಳು. ವರ್ಷ ದಾಟಿದರೆ ನೋಂದಣಿ ಕಡ್ಡಾಯ ಅಂತ ಎಲ್ಲರೂ ಹನ್ನೊಂದಕ್ಕೇ ನಿಲ್ಲಿಸುತ್ತಾರೆ. 60,000 ಯಾವ ದಿನ ಯಾವ ಅಕೌಂಟಿಗೆ ಬಂತು ಅನ್ನುವ ಸಾಲು ಸೇರಿಸಿದೆವು. ಹನ್ನೊಂದು ತಿಂಗಳು ಕಳೆದು ಮುಂದುವರಿಸಿದರೆ ಯಾರಿಗೂ ಕಮಿಷನ್ ಇಲ್ಲ ಅಂತಲೂ ಒಂದು ಸಾಲು. ಅದನ್ನು ಹೇಳಿದ್ದು ಅಮ್ಮ. ಹಿಂದಿನ ಬಾಡಿಗೆಯವರ ಹತ್ತಿರ ರಿನ್ಯೂವಲ್ ಹೆಸರಲ್ಲಿ ಯಾರೋ ವಸೂಲಿ ಮಾಡಿದ್ದರಂತೆ. ಯಾರು ಅಂತ ನಾನು ಕೇಳಲಿಲ್ಲ. ಸಾಕ್ಷಿ ಸಹಿ ಒಂದು ಕೆಳಗಿನ ಮನೆಯವರದ್ದು, ಇನ್ನೊಂದು ಬ್ರೋಕರನದ್ದೇ. ಅಲ್ಲೇ ಅವನಿಗೆ 4,000 ಕಳಿಸಿದೆ. ಫೋನ್ ನೋಡಿಕೊಂಡು ತಲೆಯಾಡಿಸಿದ.

ಮನೆಗೆ ಸಾಮಾನು ಇಳಿಸಿದ ದಿನ ಹಿಂಬಾಗಿಲ ಬೀಗದ ಕೀ ಹೊಂದಲಿಲ್ಲ. ಸರಿಯಾದದ್ದು ಅವನ ಹತ್ತಿರವೇ ಉಳಿದಿತ್ತು. ಫೋನ್ ಮಾಡಿದ ಅರ್ಧ ಗಂಟೆಗೆ ಬೈಕಿನಲ್ಲಿ ತಂದುಕೊಟ್ಟ. ಟೀ ಕೊಟ್ಟೆ, ಕುಡಿದ. ಮೆಟ್ಟಿಲು ಇಳಿಯುವಾಗ ತಿರುಗಿ ಹೇಳಿದ:

‘ಅಕ್ಕ, ನಿಮ್ಮ ಆಫೀಸಲ್ಲಿ ಯಾರಾದ್ರೂ ಮನೆ ಹುಡುಕ್ತಿದ್ರೆ ನನ್ ನಂಬರ್ ಕೊಡಿ.’